ನೇರಪ್ರಸಾರಕ್ಕೆ ಸಮಯ ಪಟ್ಟಿ ಬರೆಯುವುದು ಹೇಗೆ?



ಮಚ್ಛೆಯ ಸಭಾಭವನದಿಂದ ನಾವು ಮೊದಲ ಸಲ ಯೂಟ್ಯೂಬ್ ನೇರಪ್ರಸಾರ ಮಾಡಿದ ದಿನ ನಮ್ಮ ಕೈಯಲ್ಲಿ ಇದ್ದದ್ದು ಆಮಂತ್ರಣ ಪತ್ರಿಕೆ ಮಾತ್ರ. ಪ್ರಾರ್ಥನೆ, ಸ್ವಾಗತ, ಡಾಕ್ಟರರ ಉಪನ್ಯಾಸ, ಪ್ರಶ್ನೋತ್ತರ, ವಂದನಾರ್ಪಣೆ ಎಂದು ಅದರಲ್ಲಿ ಇತ್ತು. ವಿಷಯ ಹಾವು ಕಡಿತ. ಸ್ವಾಗತ ಮುಗಿಯಿತು, ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ಬರಲಿಲ್ಲ. ನಿರೂಪಕಿ ಲ್ಯಾಪ್‌ಟಾಪ್ ಹುಡುಗನ ಕಡೆ ನೋಡಿದಳು, ಹುಡುಗ ನನ್ನ ಕಡೆ ನೋಡಿದ, ನಾನು ಬಾಗಿಲ ಕಡೆ ನೋಡಿದೆ. ನಾಲ್ಕು ನಿಮಿಷ ಪರದೆಯ ಮೇಲೆ ಖಾಲಿ ಕುರ್ಚಿ. ಹಿಂದಿನಿಂದ ಒಂದು ದನಿ: ‘ಏ ತಮ್ಮಾ, ಚಾಲೂ ಐತೇನೊ?’ ಚಾಲೂ ಇತ್ತು. ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಫೋನ್ ಹಿಡಿದು ಕೂತವರೆಲ್ಲ ಅದನ್ನು ಕೇಳಿದರು. ಡಾಕ್ಟರ್ ಸಿಕ್ಕಾಗ ನೋಡುವವರ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ‘ಕಾಲಿಗೆ ಹಗ್ಗ ಬಿಗಿಯಬೇಡಿ’ ಎಂಬ ಮಾತು ಯಾರಿಗೆ ಮುಟ್ಟಬೇಕಿತ್ತೋ ಅವರಲ್ಲಿ ಅರ್ಧ ಜನ ಆಗಲೇ ಎದ್ದು ಹೋಗಿದ್ದರು.

ಆಮಂತ್ರಣ ಪತ್ರಿಕೆ ಸಭೆಗೆ ಸಾಕು. ಸಭೆಯಲ್ಲಿ ಹತ್ತು ನಿಮಿಷ ತಡವಾದರೆ ಜನ ಪಕ್ಕದವರ ಜೊತೆ ಮಾತಾಡುತ್ತಾರೆ. ಫೋನ್‌ನಲ್ಲಿ ನೋಡುವವರು ಒಂದು ನಿಮಿಷವೂ ಕಾಯುವುದಿಲ್ಲ, ಅವರನ್ನು ದೂರಲೂ ಆಗದು. ಅದಕ್ಕೇ ನೇರಪ್ರಸಾರಕ್ಕೆ ಬೇರೆ ಕಾಗದ ಬೇಕು. ಟಿವಿಯವರು ಅದನ್ನು ರನ್‌ಡೌನ್ ಅನ್ನುತ್ತಾರೆ, ನಾವು ಸಮಯ ಪಟ್ಟಿ ಅನ್ನೋಣ. ಅದರಲ್ಲಿ ಪ್ರತಿ ಭಾಗಕ್ಕೂ ನಾಲ್ಕು ವಿಷಯ ಇರಬೇಕು: ಗಡಿಯಾರದ ಯಾವ ಹೊತ್ತಿಗೆ ಶುರು, ಎಷ್ಟು ನಿಮಿಷ, ಯಾವ ಮಾತಿನ ಮೇಲೆ ಮುಂದಿನ ಭಾಗಕ್ಕೆ ಹೋಗಬೇಕು, ಅದು ಕೈಕೊಟ್ಟರೆ ಏನು ತೋರಿಸಬೇಕು.

ಕದಲದ ಹೊತ್ತು, ಹಿಗ್ಗುವ ಹೊತ್ತು

ನಮ್ಮ ಕರ್ನಾಟಕದಿಂದಲೇ ನಡೆದ ಒಂದು ದೊಡ್ಡ ನೇರಪ್ರಸಾರವನ್ನು ನೆನಪಿಸಿಕೊಳ್ಳಿ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ಬೆಂಗಳೂರಿನ ಇಸ್ರೋ ಕೇಂದ್ರದಿಂದ ತೋರಿಸಿದರು. ಪ್ರಸಾರ ಶುರುವಾದದ್ದು ಸಂಜೆ 5:20ರ ಸುಮಾರಿಗೆ. ನೌಕೆ ಇಳಿಯಲು ಆರಂಭಿಸಿದ್ದು 5:45ರ ಹೊತ್ತಿಗೆ, ನೆಲ ಮುಟ್ಟಿದ್ದು 6:04ಕ್ಕೆ. ಈ ಕೊನೆಯ ಸುಮಾರು 19 ನಿಮಿಷ ಯಾರ ಕೈಯಲ್ಲೂ ಇರಲಿಲ್ಲ. ನೌಕೆ ತಾನಾಗಿ ಇಳಿಯುವ ಹಾಗೆ ಮಾಡಿದ್ದರು. ‘ಭಾಷಣ ಮುಗೀಲಿ, ಎರಡು ನಿಮಿಷ ತಡಿ’ ಎಂದರೆ ಅದು ನಿಲ್ಲುವುದಿಲ್ಲ. ಹಾಗಾಗಿ ಅದಕ್ಕೆ ಮೊದಲಿನ ಸುಮಾರು 25 ನಿಮಿಷದ ವಿವರಣೆ, ಚಿತ್ರಗಳನ್ನೇ ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು. ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಲ್ಲಿದ್ದ ಪ್ರಧಾನಿಯವರು ವಿಡಿಯೋ ಮೂಲಕ ಸೇರಿ ಮಾತಾಡಿದ್ದೂ ಆ ಘಳಿಗೆಗೆ ಹೊಂದಿಕೊಂಡೇ.

ಇದಕ್ಕೆ ಮುಂಚೆ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಪ್ರಸಾರವೂ ಇಲ್ಲಿಂದಲೇ ಆಗಿತ್ತು. ಆವತ್ತು ಸಂಪರ್ಕ ತಪ್ಪಿತು. ಆಗಿನ ಅಧ್ಯಕ್ಷ ಕೆ. ಶಿವನ್ ಎದ್ದು ಚುಟುಕಾಗಿ ಹೇಳಿದರು: 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲ ಯೋಜನೆಯಂತೆ ನಡೆಯಿತು, ಆಮೇಲೆ ಸಂಪರ್ಕ ಕಡಿಯಿತು, ಮಾಹಿತಿಯನ್ನು ಪರಿಶೀಲಿಸುತ್ತಿದ್ದೇವೆ. ಎಲ್ಲಿಯವರೆಗೆ ಸರಿ ಇತ್ತು, ಏನು ತಪ್ಪಿತು, ಈಗ ಏನು ಮಾಡುತ್ತಿದ್ದೇವೆ, ಈ ಮೂರೇ. ನಮ್ಮ ಲಿಂಕ್ ತಪ್ಪಿದಾಗ ನಿರೂಪಕಿ ಹೇಳಬೇಕಾದ್ದೂ ಈ ಮೂರು ಮಾತನ್ನೇ. ಇಸ್ರೋಕ್ಕೂ ನಮಗೂ ಎಲ್ಲಿಯ ಹೋಲಿಕೆ ಎಂದು ನೀವು ನಗಬಹುದು. ಆದರೆ ಖಾಲಿ ಪರದೆ ಎಲ್ಲರಿಗೂ ಒಂದೇ.

ಹಾಗಾಗಿ ಪಟ್ಟಿ ಬರೆಯಲು ಕೂತಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದರಲ್ಲಿ ಯಾವುದು ಕದಲುವುದಿಲ್ಲ? ನಮ್ಮ ಹಾವು ಕಡಿತದ ಕಾರ್ಯಕ್ರಮದಲ್ಲಿ ಡಾಕ್ಟರ್ ಮೇಡಂಗೆ 11:30ಕ್ಕೆ ರೋಗಿಗಳನ್ನು ನೋಡಲು ಹೋಗಬೇಕು. ಅವರಿಂದ 15 ನಿಮಿಷ ಬೇಕು. ಹಾಗಾದರೆ ಅವರು 11:15ಕ್ಕೆ ಪರದೆ ಮೇಲೆ ಇರಲೇಬೇಕು. ಇದನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಎಲ್ಲವೂ ಕೆಟ್ಟರೂ ಜನರಿಗೆ ಮುಟ್ಟಲೇಬೇಕಾದ ಮಾತು ಯಾವುದು? ನಮ್ಮ ವಿಷಯದಲ್ಲಿ ಅದು ಇಷ್ಟು: ಕಡಿಸಿಕೊಂಡವರನ್ನು ಓಡಾಡಿಸಬೇಡಿ, ಬಳೆ ಉಂಗುರ ತೆಗೆಯಿರಿ, ಕೈಕಾಲು ಅಲುಗಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವನ್ನು ಹುಡುಕುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ಈ ಮಾತು ಡಾಕ್ಟರರ ಬಾಯಿಂದಲೇ ಬರಲಿ ಎಂದು ನಾವು ಮೊದಲ ಸಲ ಅದನ್ನು ಅವರಿಗೇ ಬಿಟ್ಟಿದ್ದೆವು. ತಪ್ಪಾದದ್ದು ಅಲ್ಲೇ. ಅತಿ ಮುಖ್ಯ ಮಾತನ್ನು ಅತಿ ದುರ್ಬಲ ಎಳೆಗೆ, ಅಂದರೆ ದೂರದ ವಿಡಿಯೋ ಲಿಂಕ್‌ಗೆ, ಕಟ್ಟಿಬಿಟ್ಟಿದ್ದೆವು.

ನಮ್ಮ ಎರಡನೆಯ ಸಲದ ಪಟ್ಟಿ

ಎರಡನೆಯ ಸಲ, ಭತ್ತದ ನಾಟಿಗೆ ಮುಂಚೆ, ಅದೇ ವಿಷಯ ಇಟ್ಟುಕೊಂಡು 45 ನಿಮಿಷಕ್ಕೆ ಹೀಗೆ ಬರೆದೆವು:

10:15 – ಮೈಕು, ಬೆಳಕು, ಇಂಟರ್ನೆಟ್ ಪರೀಕ್ಷೆ
10:40 – ಡಾಕ್ಟರ್ ಮೇಡಂ ಜೊತೆ ಲಿಂಕ್ ಪರೀಕ್ಷೆ, ಎರಡು ನಿಮಿಷ
10:50 – ಪರದೆ ಮೇಲೆ ‘11 ಗಂಟೆಗೆ ಶುರು’ ಕಾರ್ಡ್, ಮೈಕು ಬಂದ್
11:00 – ಪ್ರಾರ್ಥನೆ, ಸ್ವಾಗತ (3 ನಿಮಿಷ)
11:03 – ಹಾವು ಕಡಿದಾಗ ಏನು ಮಾಡಬೇಕು: ನರ್ಸ್ ಸಿಸ್ಟರ್ ಅವರಿಂದ ಮಾಡಿ ತೋರಿಸುವುದು (8 ನಿಮಿಷ)
11:11 – ಮೊದಲೇ ಚಿತ್ರೀಕರಿಸಿದ ವಿಡಿಯೋ: ಬದುಕುಳಿದ ರೈತ ಮಹಿಳೆಯ ಮಾತು (4 ನಿಮಿಷ)
11:15 – ಡಾಕ್ಟರ್ ಮೇಡಂ (15 ನಿಮಿಷ)
11:30 – ಫೋನ್ ಪ್ರಶ್ನೆಗಳು, ಉತ್ತರ ಸಿಸ್ಟರ್ ಅವರಿಂದ (10 ನಿಮಿಷ)
11:40 – ಮುಖ್ಯ ಮಾತು ಮತ್ತೊಮ್ಮೆ, ಕನ್ನಡ ಮತ್ತು ಮರಾಠಿಯಲ್ಲಿ (3 ನಿಮಿಷ)
11:43 – ವಂದನೆ (2 ನಿಮಿಷ)

ಇದರಲ್ಲಿ ಮುಖ್ಯ ಮಾತು ಎರಡು ಕಡೆ ಇದೆ, ಎರಡೂ ನಮ್ಮ ಸಭಾಭವನದಿಂದಲೇ. ಡಾಕ್ಟರರ ಭಾಗಕ್ಕೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ, ಎಷ್ಟು ದಿನ ಇರಬೇಕು, 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂಬ ನಿಯಮ ಯಾಕೆ ಬಂತು, ಇಂಥವನ್ನು ಬಿಟ್ಟೆವು. ಅವರು ಬಂದರೆ ಬಹಳ ಉಪಯೋಗ. ಬಾರದಿದ್ದರೂ ಜೀವ ಉಳಿಸುವ ಮಾತು ಆಗಲೇ ಮುಟ್ಟಿರುತ್ತದೆ.

ನಾಲ್ಕು ನಿಮಿಷದ ವಿಡಿಯೋ ಅಲ್ಲಿ ಯಾಕೆ ಬಂತು ಎಂದು ಕೇಳಬಹುದು. ಆ ಮಹಿಳೆಯ ಮಾತು ಮನಸ್ಸಿಗೆ ತಟ್ಟುತ್ತದೆ, ಅದೊಂದು ಕಾರಣ. ಇನ್ನೊಂದು, ಆ ನಾಲ್ಕು ನಿಮಿಷ ವೇದಿಕೆ ಖಾಲಿ. ಸಿಸ್ಟರ್ ಕೋಲು ಬಟ್ಟೆ ಎತ್ತಿಡುತ್ತಾರೆ, ಡಾಕ್ಟರರನ್ನು ಲಿಂಕ್‌ಗೆ ತರುತ್ತೇವೆ, ನಿರೂಪಕಿ ಒಂದು ಗುಟುಕು ನೀರು ಕುಡಿಯುತ್ತಾಳೆ. ದೂರದವರನ್ನು ತರುವ ಭಾಗದ ಮುಂದೆ ಯಾವಾಗಲೂ ಚಿತ್ರೀಕರಿಸಿದ ಒಂದು ತುಣುಕು ಇರಲಿ.

ಈಗ ಲೆಕ್ಕ ನೋಡಿ. ಆವತ್ತು ಶುರುವಾಗಲು 6 ನಿಮಿಷ ತಡವಾಯಿತು, ಮೈಕಿನ ವೈರು ಸಡಿಲವಾಗಿತ್ತು. 11:15 ಕದಲುವಂತಿಲ್ಲ. ಸಿಸ್ಟರ್ ಅವರ 8 ನಿಮಿಷ ಮುಟ್ಟುವಂತಿಲ್ಲ. ಸ್ವಾಗತವನ್ನು 3ರಿಂದ 1 ನಿಮಿಷಕ್ಕೆ ಇಳಿಸಿದರೆ 2 ನಿಮಿಷ ಸಿಕ್ಕಿತು, ವಿಡಿಯೋ ಕೈಬಿಟ್ಟರೆ 4, ಒಟ್ಟು 6. ಅಂದರೆ 11:06ಕ್ಕೆ ಶುರು, 11:07ಕ್ಕೆ ಸಿಸ್ಟರ್, 11:15ಕ್ಕೆ ಸರಿಯಾಗಿ ಡಾಕ್ಟರ್. ವಿಡಿಯೋ ಹೋದದ್ದರಿಂದ ಡಾಕ್ಟರರನ್ನು ಸಿಸ್ಟರ್ ಮಾತಾಡುತ್ತಿರುವಾಗಲೇ ಪಕ್ಕದ ಕೋಣೆಯಿಂದ ಜೋಡಿಸಬೇಕಾಯಿತು. ಈ ಕಡಿತವನ್ನು ಅಲ್ಲೇ ನಿಂತು ಯೋಚಿಸಿದ್ದಲ್ಲ. ‘ತಡವಾದರೆ ಮೊದಲು ಸ್ವಾಗತ, ಆಮೇಲೆ ವಿಡಿಯೋ’ ಎಂದು ಪಟ್ಟಿಯ ಅಂಚಿನಲ್ಲಿ ಮೊದಲೇ ಬರೆದಿತ್ತು. ಬಿಟ್ಟ ವಿಡಿಯೋವನ್ನು ಸಂಜೆ ಬೇರೆಯಾಗಿ ಹಾಕಿದೆವು.

ಯಾವ ಮಾತಿನ ಮೇಲೆ ಹೋಗಬೇಕು?

‘ಸಿಸ್ಟರ್ ಮುಗಿಸಿದ ಮೇಲೆ ವಿಡಿಯೋ ಹಚ್ಚು’ ಎಂದು ಬರೆದರೆ ಅದು ಸೂಚನೆ ಆಗುವುದಿಲ್ಲ. ಸಿಸ್ಟರ್ ಯಾವಾಗ ಮುಗಿಸಿದರು ಎಂದು ಹುಡುಗನಿಗೆ ಹೇಗೆ ಗೊತ್ತಾಗಬೇಕು? ‘ಇಷ್ಟೇ ನಾನು ಹೇಳೋದು’ ಅಂದವರು ಇನ್ನೂ ಐದು ನಿಮಿಷ ಹೇಳಿದ್ದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ಒಂದು ವಾಕ್ಯವನ್ನು ಗೊತ್ತು ಮಾಡಿ, ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ನಮ್ಮ ಪಟ್ಟಿಯಲ್ಲಿ ನಿರೂಪಕಿಯ ವಾಕ್ಯ ಹೀಗಿತ್ತು: ‘ಬರ್ರಿ, ಈಗ ಆ ಅಕ್ಕನ ಮಾತು ಕೇಳೋಣು.’ ಅದಕ್ಕೆ ಮುಂಚೆ ಅವಳು ತನಗೆ ತೋಚಿದ್ದು ಹೇಳಬಹುದು. ಆದರೆ ಕೆಂಪು ವಾಕ್ಯವನ್ನು ಬರೆದಂತೆಯೇ ಹೇಳಬೇಕು, ಬೇರೆಲ್ಲೂ ಹೇಳಬಾರದು. ಅವಳು ಚಂದ ಕಾಣಲಿ ಎಂದು ಮಾತು ಬದಲಿಸಿದರೆ ಹುಡುಗ ಕಾಯುತ್ತಲೇ ಇರುತ್ತಾನೆ.

ಆ ವಾಕ್ಯಕ್ಕೆ ಅರ್ಧ ನಿಮಿಷ ಮುಂಚೆ ಒಬ್ಬರು ಹುಡುಗನಿಗೆ ‘ತಯಾರ್’ ಅನ್ನಬೇಕು. ವಾಕ್ಯ ಕೇಳಿದಾಗ ‘ಹಚ್ಚು’. ವೇದಿಕೆಯವರಿಗೆ ಕಾರ್ಡ್ ಸಾಕು: ದೊಡ್ಡ ಅಕ್ಷರದಲ್ಲಿ 5, 2, 1, ಮುಗಿಸಿ. ಈ ಕಾರ್ಡ್ ತೋರಿಸುವವರನ್ನೇ ನಾವು ಗಡಿಯಾರದವರು ಎಂದು ಕರೆಯುತ್ತೇವೆ. ಕೈಯಲ್ಲಿ ಪಟ್ಟಿ, ಕಣ್ಣು ಗಡಿಯಾರದ ಮೇಲೆ, ಅವರಿಗೆ ಬೇರೆ ಕೆಲಸ ಕೊಡಬಾರದು. ಏನು ಬಿಡಬೇಕು, ಯಾವಾಗ ಬದಲಿ ವ್ಯವಸ್ಥೆಗೆ ಹೋಗಬೇಕು ಎಂದು ತೀರ್ಮಾನಿಸುವವರೂ ಅವರೇ. ವೇದಿಕೆ ಮೇಲೆ ಕೂತ ಫಾದರ್ ಅಲ್ಲ, ನಿರೂಪಕಿಯೂ ಅಲ್ಲ. ಇದು ನಮ್ಮಲ್ಲಿ ಕಷ್ಟ. ಸಂಘದ ಒಬ್ಬ ತಂಗಿ ಪಂಚಾಯತಿ ಅಧ್ಯಕ್ಷರಿಗೆ ‘ಮುಗಿಸಿ’ ಎಂದು ಕಾರ್ಡ್ ಹಿಡಿಯುವುದು ಹೇಗೆ? ಹಿಂದಿನ ದಿನವೇ ಹೋಗಿ, ‘ಸಾಹೇಬ್ರ, ನಿಮಗ ಮೂರು ಮಿನಿಟ್ ಇಟ್ಟೀವ್ರಿ, ಈ ಕಾರ್ಡ್ ತೋರಸ್ತೀವಿ, ತಪ್ಪು ತಿಳ್ಕೋಬ್ಯಾಡ್ರಿ’ ಎಂದು ಹೇಳಿ ಬಂದರೆ ಅರ್ಧ ಕಷ್ಟ ಕಳೆಯಿತು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ನಾವು ಇಲ್ಲಿ ಮಾತಾಡಿದ್ದು ನೋಡುವವರಿಗೆ ಹತ್ತರಿಂದ ಮೂವತ್ತು ಸೆಕೆಂಡ್ ತಡವಾಗಿ, ಕೆಲವೊಮ್ಮೆ ಇನ್ನೂ ತಡವಾಗಿ ಮುಟ್ಟುತ್ತದೆ. ಆದ್ದರಿಂದ ಫೋನ್‌ನಲ್ಲಿ ಪ್ರಸಾರ ನೋಡುತ್ತ ಸೂಚನೆ ಕೊಡಬೇಡಿ, ಅದು ಹಳೆಯ ಚಿತ್ರ. ‘ಪ್ರಶ್ನೆ ಕೇಳಿ’ ಎಂದು 11:30ಕ್ಕೆ ಹೇಳಿದರೆ ಮೊದಲ ಕರೆ ಬರುವ ತನಕ ನಿರೂಪಕಿ ಸುಮ್ಮನೆ ನಿಲ್ಲಬೇಕು. 11:20ಕ್ಕೇ ನಂಬರ್ ತೋರಿಸಿ. ಕರೆ ಮಾಡಿದವರ ಪಕ್ಕದಲ್ಲಿ ಪ್ರಸಾರ ಜೋರಾಗಿ ನಡೆದಿದ್ದರೆ ಅವರಿಗೆ ತಮ್ಮದೇ ದನಿ ತಿರುಗಿ ಕೇಳಿ ಗಲಿಬಿಲಿ ಆಗುತ್ತದೆ. ಪಕ್ಕದ ಕೋಣೆಯಲ್ಲಿ ಕರೆ ತೆಗೆದುಕೊಳ್ಳುವವರು ಮೊದಲು, ‘ಅಕ್ಕಾ, ಮೊಬೈಲ್‌ದಾಗಿನ ಸೌಂಡ್ ಪೂರ್ತಿ ಬಂದ್ ಮಾಡ್ರಿ’ ಎಂದು ಹೇಳಿ, ಆಮೇಲೆ ಜೋಡಿಸಬೇಕು.

ಕೈಕೊಟ್ಟಾಗ

ಡಾಕ್ಟರ್ ಮಾತಾಡುತ್ತಿದ್ದಾಗ ಚಿತ್ರ ನಿಂತಿತು ಎನ್ನಿ. ನಮ್ಮ ಪಟ್ಟಿಯ ಬಲಗಡೆ ಹೀಗಿತ್ತು. ಹತ್ತು ಸೆಕೆಂಡ್: ನಿರೂಪಕಿ ಪ್ರಶ್ನೆಯನ್ನು ಮತ್ತೊಮ್ಮೆ ಹೇಳುತ್ತಾಳೆ, ಅಷ್ಟರಲ್ಲಿ ಹಲವು ಸಲ ತಾನಾಗಿ ಸರಿಹೋಗುತ್ತದೆ. ಮೂವತ್ತು ಸೆಕೆಂಡ್: ಡಾಕ್ಟರರ ಫೋಟೋ ಪರದೆಗೆ, ಸಾದಾ ಫೋನ್ ಕರೆ ಮಾಡಿ ಸ್ಪೀಕರ್‌ಗೆ ಹಾಕಿ ಮೈಕಿನ ಹತ್ತಿರ ಹಿಡಿಯುವುದು. ಎಷ್ಟೋ ಕಡೆ ಇಂಟರ್ನೆಟ್ ಬಿದ್ದರೂ ಸಾದಾ ಕರೆ ನಡೆಯುತ್ತದೆ. ಒಂದೂವರೆ ನಿಮಿಷ: ಸಿಸ್ಟರ್ ಮುಂದುವರಿಸುತ್ತಾರೆ. ಅವರ ಕೈಯಲ್ಲಿ ಐದು ಪ್ರಶ್ನೆ, ಐದು ಉತ್ತರ ಇದ್ದವು. ಹಿಂದಿನ ದಿನ ಡಾಕ್ಟರರಿಗೆ ಓದಿ ಹೇಳಿ ಸರಿ ಅನ್ನಿಸಿಕೊಂಡದ್ದು. ಈ ಓದಿ ಹೇಳುವುದನ್ನು ಬಿಡಬೇಡಿ. ಔಷಧದ ವಿಷಯದಲ್ಲಿ ಹೊತ್ತು ತುಂಬಿಸಲು ಬಾಯಿಗೆ ಬಂದದ್ದು ಹೇಳುವುದಕ್ಕಿಂತ ಖಾಲಿ ಕುರ್ಚಿಯೇ ಮೇಲು.

ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆಯುತ್ತದೆ, ಆದರೆ ಇಂಟರ್ನೆಟ್ ಪೆಟ್ಟಿಗೆ ಸಾಯುತ್ತದೆ, ಮೈಕಿನ ಆಂಪ್ಲಿಫೈಯರ್ ಸಾಯುತ್ತದೆ. ಇನ್ವರ್ಟರ್‌ಗೆ ಫ್ಯಾನು ಜೋಡಿಸುವವರು ಬಹಳ, ಈ ಎರಡನ್ನು ಜೋಡಿಸುವವರು ಕಡಿಮೆ. ಇನ್ನೊಂದು ಕಂಪನಿಯ ಸಿಮ್ ಇರುವ ಮೊಬೈಲಿನ ಹಾಟ್‌ಸ್ಪಾಟ್ ತಯಾರಿರಲಿ, ಲ್ಯಾಪ್‌ಟಾಪ್ ಅದಕ್ಕೆ ಒಮ್ಮೆ ಜೋಡಿಸಿ ನೋಡಿರಲಿ. 720p ಚಿತ್ರ ಕಳಿಸಲು ಸುಮಾರು 4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಪರೀಕ್ಷೆಯಲ್ಲಿ ಅದರ ಒಂದೂವರೆ ಪಟ್ಟಾದರೂ ಸಿಗದಿದ್ದರೆ ಶುರುವಿನಿಂದಲೇ 480pಗೆ ಇಳಿಸಿ. ಹಳ್ಳಿಯ ಫೋನ್‌ನಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದು, ದನಿ ಸರಿ ಇದ್ದರೆ ಜನ ಕೂರುತ್ತಾರೆ. OBS ಬಳಸುವವರು ಕೆಳಗಿನ ಪಟ್ಟಿಯಲ್ಲಿ Dropped Frames ನೋಡುತ್ತಿರಬೇಕು. ಅದು ಏರುತ್ತ ಹೋದರೆ ದೋಷ ಇಂಟರ್ನೆಟ್‌ನದು, ಕ್ಯಾಮರಾ ಅಲುಗಾಡಿಸಿ ಪ್ರಯೋಜನವಿಲ್ಲ. ಒಬ್ಬರು ಸಭಾಭವನದ ವೈಫೈ ಬಿಟ್ಟು ತಮ್ಮ ಮೊಬೈಲ್ ಡೇಟಾದಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿ, ಪ್ರಸಾರ ಕೇಳುತ್ತಿರಲಿ. ಚಿತ್ರ ಹೋದರೆ ಎಲ್ಲರಿಗೂ ಕಾಣುತ್ತದೆ. ದನಿ ಹೋದದ್ದು ಸಭಾಭವನದಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲ.

ಪ್ರಸಾರ ಪೂರ್ತಿ ಕಡಿದರೆ ಗಾಬರಿಯಲ್ಲಿ ಹೊಸ ಲಿಂಕ್ ಮಾಡಬೇಡಿ. ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ Enable Auto-stop ಅನ್ನು ಮೊದಲೇ ಆಫ್ ಮಾಡಿದ್ದರೆ, ಇಂಟರ್ನೆಟ್ ಬಂದ ಮೇಲೆ ಅದೇ ಲಿಂಕ್‌ನಲ್ಲಿ ಪ್ರಸಾರ ಮುಂದುವರಿಯುತ್ತದೆ. ಆನ್ ಇದ್ದರೆ ಕಾರ್ಯಕ್ರಮ ಮುಗಿಯಿತೆಂದು ತಿಳಿದು ಅದು ಮುಚ್ಚಿಬಿಡುತ್ತದೆ, ಆಮೇಲೆ ಹೊಸ ಲಿಂಕ್ ಹಂಚುವಷ್ಟರಲ್ಲಿ ಜನ ಚದುರಿರುತ್ತಾರೆ. ಎರಡು ನಿಮಿಷದೊಳಗೆ ವಾಟ್ಸಾಪ್ ಗುಂಪುಗಳಿಗೆ ಮೊದಲೇ ಬರೆದಿಟ್ಟ ಸಂದೇಶ ಹೋಗಲಿ: ‘ಸಿಸ್ಟರ್ ಅವರ ಮಾತು ಮುಗಿದಿದೆ. ಇಂಟರ್ನೆಟ್ ಕಡಿದಿದೆ. ಸರಿ ಮಾಡುತ್ತಿದ್ದೇವೆ, ಅದೇ ಲಿಂಕ್ ಇಟ್ಟುಕೊಂಡು ಕೂಡ್ರಿ.’ ಹತ್ತು ನಿಮಿಷವಾದರೂ ಬಾರದಿದ್ದರೆ ಉಳಿದದ್ದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಸಂಜೆ ಎಷ್ಟು ಹೊತ್ತಿಗೆ ಹಾಕುತ್ತೇವೆ ಎಂದು ತಿಳಿಸಿ.

ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಊರುಗಳಲ್ಲಿ ನಮ್ಮಲ್ಲಿ ಎಲ್ಲ ಸರಿ ಇದ್ದರೂ ಸಿಗ್ನಲ್ ಸಿಗದ ಮನೆಗಳಿವೆ. ಹಾವಿನ ಕಾಟವೂ ಅಲ್ಲೇ. ಅವರಿಗಾಗಿ ಸಿಸ್ಟರ್ ಅವರ 8 ನಿಮಿಷವನ್ನು ಮೂರು ದಿನ ಮೊದಲೇ ಚಿತ್ರೀಕರಿಸಿ ಪ್ರೇರಕರ ಮೊಬೈಲ್‌ಗಳಿಗೆ ಹಾಕಿಕೊಟ್ಟಿದ್ದೆವು. ಆವತ್ತು ಒಂದು ಊರಿನಲ್ಲಿ ಪ್ರಸಾರ ಬರಲೇ ಇಲ್ಲ. ಅಲ್ಲಿಯ ಪ್ರೇರಕಿ ಅಂಗಳದಲ್ಲಿ ಹೆಂಗಸರನ್ನು ಕೂಡಿಸಿ ಆ ಚಿತ್ರೀಕರಣವನ್ನೇ ತೋರಿಸಿ, ಕೋಲು ಕಟ್ಟುವುದನ್ನು ಅವರಿಂದಲೇ ಮಾಡಿಸಿದಳು. ಅದೇ ಚಿತ್ರೀಕರಣ ನಮ್ಮ ಲ್ಯಾಪ್‌ಟಾಪ್‌ನಲ್ಲೂ ಇತ್ತು, ಸಿಸ್ಟರ್ ಅವರಿಗೇ ಬರಲಾಗದಿದ್ದರೆ ಹಚ್ಚಲು.

ನಿಮ್ಮ ಸಂಘದಲ್ಲಿ ಮಾಡಿ ನೋಡಲು

ಹೊಸ ಚಾನೆಲ್ ಆಗಿದ್ದರೆ ನೇರಪ್ರಸಾರಕ್ಕೆ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು, ಅದನ್ನು ವಾರದ ಮೊದಲೇ ಮುಗಿಸಿ. ಹಿಂದಿನ ಸಂಜೆ ಎಲ್ಲರೂ ಕೂತು ಪಟ್ಟಿಯನ್ನು ಗಟ್ಟಿಯಾಗಿ ಓದಿ, ಸ್ವಾಗತವನ್ನು ಗಡಿಯಾರ ಹಿಡಿದು ನಿಜವಾಗಿ ಮಾಡಿ. ಮೂರು ನಿಮಿಷ ಎಂದು ಬರೆದದ್ದು ಸಾಮಾನ್ಯವಾಗಿ ಆರು ಆಗುತ್ತದೆ. ಆಮೇಲೆ ಗಡಿಯಾರದವರು ಹೇಳದೆ ಕೇಳದೆ ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ ಕಿತ್ತುಬಿಡಲಿ. ಪರದೆ ಮೇಲೆ ಮತ್ತೆ ಚಿತ್ರ ಬರಲು ಎಷ್ಟು ಹೊತ್ತಾಯಿತು, ಆ ಹೊತ್ತಿನಲ್ಲಿ ಯಾರು ಯಾರ ಮುಖ ನೋಡಿದರು ಎಂದು ಬರೆದಿಡಿ.

ಬಳಿಕ ಗುಂಪಿನಲ್ಲಿ ಚರ್ಚಿಸಿ:

ನಿಮ್ಮ ಮುಂದಿನ ಕಾರ್ಯಕ್ರಮದಲ್ಲಿ ಕದಲಿಸಲಾಗದ ಹೊತ್ತು ಯಾವುದು? ಹತ್ತು ನಿಮಿಷ ತಡವಾದರೆ ಯಾವ ಎರಡು ಭಾಗ ಬಿಡುತ್ತೀರಿ?

ಮುಟ್ಟಲೇಬೇಕಾದ ಮಾತನ್ನು ಹೇಳುವವರು ಬಾರದಿದ್ದರೆ ಯಾರು ಹೇಳುತ್ತಾರೆ? ಅವರ ಕೈಯಲ್ಲಿ ಬರೆದ ಕಾಗದ ಇದೆಯೇ?

ನಿಮ್ಮಲ್ಲಿ ಮುಖ್ಯ ಅತಿಥಿಗೆ ‘ಮುಗಿಸಿ’ ಕಾರ್ಡ್ ಹಿಡಿಯುವ ಧೈರ್ಯ ಯಾರಿಗಿದೆ?